ಮೂಲದಿಂದ ದೂರ ಸರಿದಷ್ಟೂ ನಡುಗುವ ಲೋಕ

ವಿಶಾಲವಾದ ಮುಕ್ತ ಲೋಕವಿರುವ ವಿಡಿಯೋ ಆಟಗಳಲ್ಲಿ ಒಂದು ವಿಚಿತ್ರ ದೋಷ ಕಾಣಿಸಿಕೊಳ್ಳುವುದುಂಟು. ಆಟ ಶುರುವಾಗುವ ಜಾಗದ ಆಸುಪಾಸಿನಲ್ಲಿ ಎಲ್ಲವೂ ನೆಟ್ಟಗಿರುತ್ತದೆ. ಅಲ್ಲಿಂದ ನೂರು ಕಿಲೋಮೀಟರ್ ದೂರ ಹೋಗಿ ನಿಂತರೆ ಪಾತ್ರದ ಬೆರಳುಗಳು ಸಣ್ಣಗೆ ಅದುರತೊಡಗುತ್ತವೆ, ಕೈಯಲ್ಲಿರುವ ಲಾಂದ್ರ ಗಡಗಡ ನಡುಗುತ್ತದೆ, ಪೇರಿಸಿಟ್ಟ ಪೆಟ್ಟಿಗೆಗಳು ಯಾರೂ ಮುಟ್ಟದೆ ಜಾರಿ ಬೀಳುತ್ತವೆ. ಲಾಂದ್ರದ ಮಾದರಿಯಲ್ಲಿ ಕೊರತೆಯೇನೂ ಇಲ್ಲ. ಅದನ್ನೇ ಶುರುವಿನ ಜಾಗಕ್ಕೆ ತಂದಿಟ್ಟರೆ ಅಲುಗದೆ ನಿಲ್ಲುತ್ತದೆ. ತೊಂದರೆ ಇರುವುದು ಲಾಂದ್ರ ಎಲ್ಲಿದೆ ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಸಂಖ್ಯೆಯಲ್ಲಿ.

ಆಟದ ಲೋಕಕ್ಕೆ ಒಂದು ಮೂಲಬಿಂದು ಇರುತ್ತದೆ. ಅಲ್ಲಿ ಮೂರೂ ನಿರ್ದೇಶಾಂಕಗಳು ಸೊನ್ನೆ. ಪ್ರತಿಯೊಂದು ವಸ್ತುವಿನ ವಿಳಾಸವೆಂದರೆ ಆ ಬಿಂದುವಿನಿಂದ ಪೂರ್ವ-ಪಶ್ಚಿಮಕ್ಕೆ ಎಷ್ಟು, ಮೇಲೆ-ಕೆಳಗೆ ಎಷ್ಟು, ಉತ್ತರ-ದಕ್ಷಿಣಕ್ಕೆ ಎಷ್ಟು ಎಂಬ ಮೂರು ಸಂಖ್ಯೆಗಳು. ಬಹುತೇಕ ಗೇಮ್ ಎಂಜಿನ್‌ಗಳಲ್ಲಿ ಇವುಗಳ ಅಳತೆ ಮೀಟರ್. ಈ ಸಂಖ್ಯೆಗಳನ್ನು 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಇಡುವುದು ವಾಡಿಕೆ. ಪ್ರೋಗ್ರಾಮರುಗಳು ಚಿಕ್ಕದಾಗಿ ಫ್ಲೋಟ್ ಎನ್ನುತ್ತಾರೆ.

ಬಿಂದು ತೇಲುತ್ತದೆ ಎಂದರೇನು? ಏಳು ಚೌಕಗಳಿರುವ ಒಂದು ಕಾಗದದ ಪಟ್ಟಿಯನ್ನು ಊಹಿಸಿಕೊಳ್ಳಬಹುದು. ಒಂದು ಚೌಕಕ್ಕೆ ಒಂದೇ ಅಂಕಿ, ಆದರೆ ದಶಾಂಶ ಬಿಂದುವನ್ನು ಎಲ್ಲಿ ಬೇಕಾದರೂ ಇಡಬಹುದು. 1.234567 ಎಂದು ಬರೆದರೆ ಬಿಂದುವಿನ ಬಲಕ್ಕೆ ಆರು ಅಂಕಿಗಳು ಸಿಗುತ್ತವೆ. 12345.67 ಎಂದು ಬರೆದರೆ ಎರಡೇ. ಸಂಖ್ಯೆ ದೊಡ್ಡದಾದಂತೆ ಚೌಕಗಳೆಲ್ಲ ಎಡಭಾಗಕ್ಕೆ ಖರ್ಚಾಗಿ ಸಣ್ಣ ಅಳತೆಗೆ ಜಾಗವೇ ಉಳಿಯುವುದಿಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ, ಹತ್ತರ ಬದಲು ಎರಡರ ಲೆಕ್ಕದಲ್ಲಿ. 1985ರಲ್ಲಿ ಬಂದ ಐಇಇಇ 754 ಮಾನಕದ ಪ್ರಕಾರ 32 ಬಿಟ್‌ಗಳಲ್ಲಿ ಒಂದು ಧನವೋ ಋಣವೋ ಎಂಬ ಚಿಹ್ನೆಗೆ, ಎಂಟು ಬಿಂದು ಎಲ್ಲಿದೆ ಎಂದು ಹೇಳುವ ಘಾತಕ್ಕೆ, ಉಳಿದ 23 ಅಂಕಿಗಳಿಗೆ. ಮೊದಲ ಅಂಕಿ ಯಾವಾಗಲೂ 1 ಆಗಿರುವುದರಿಂದ ಅದನ್ನು ಬರೆಯುವುದಿಲ್ಲ, ಹಾಗಾಗಿ ಒಟ್ಟು 24 ಅಂಕಿಗಳು ಸಿಕ್ಕಂತಾಯಿತು.

ಇದರ ಪರಿಣಾಮವನ್ನು ಒಂದು ಅಳತೆಪಟ್ಟಿಯಂತೆ ನೋಡುವುದು ಸುಲಭ. ಸೊನ್ನೆಯ ಹತ್ತಿರ ಗೆರೆಗಳು ಒತ್ತೊತ್ತಾಗಿವೆ. ದೂರ ಇಮ್ಮಡಿಯಾದಾಗಲೆಲ್ಲ ಗೆರೆಗಳ ನಡುವಿನ ಅಂತರವೂ ಇಮ್ಮಡಿಯಾಗುತ್ತದೆ. ಮೂಲದಿಂದ 1 ಮೀಟರ್ ದಾಟಿದಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟೇ ದೂರ. 1,024 ಮೀಟರ್ ದಾಟಿದ ಮೇಲೆ ಅದು 0.12 ಮಿಲಿಮೀಟರ್, 8,192 ಮೀಟರ್ ದಾಟಿದ ಮೇಲೆ ಹತ್ತಿರ ಹತ್ತಿರ 1 ಮಿಲಿಮೀಟರ್. 65,536 ಮೀಟರ್ ದಾಟಿದರೆ 7.8 ಮಿಲಿಮೀಟರ್. ಎರಡು ಗೆರೆಗಳ ನಡುವೆ ಯಾವ ವಸ್ತುವೂ ನಿಲ್ಲುವಂತಿಲ್ಲ. ಲೆಕ್ಕದ ಉತ್ತರ ಅಲ್ಲಿ ಬಿದ್ದರೆ ಅದನ್ನು ಹತ್ತಿರದ ಗೆರೆಗೆ ತಳ್ಳಲಾಗುತ್ತದೆ. 1,67,77,216, ಅಂದರೆ ಎರಡರ 24ನೇ ಘಾತವನ್ನು ದಾಟಿದ ಮೇಲೆ ಗೆರೆಗಳ ಅಂತರ ಎರಡು ಮೀಟರ್. ಅಲ್ಲಿ ಒಂದು ಮೀಟರಿನ ಹೆಜ್ಜೆಯನ್ನು ಬರೆದಿಡಲು ಜಾಗವೇ ಇಲ್ಲ.

ಗೆರೆ ಒರಟಾದರೆ ವಸ್ತು ಸ್ವಲ್ಪ ಅತ್ತಿತ್ತ ನಿಲ್ಲಬೇಕು, ಅಷ್ಟೇ ತಾನೆ? ನೂರು ಕಿಲೋಮೀಟರ್ ದೂರದ ಮನೆ ನಾಲ್ಕು ಮಿಲಿಮೀಟರ್ ಪಕ್ಕಕ್ಕಿದ್ದರೆ ಯಾರ ಕಣ್ಣಿಗೂ ಬೀಳದು. ಹಾಗಿದ್ದರೆ ನಡುಕ ಎಲ್ಲಿಂದ ಬಂತು? ತಪ್ಪು ಒಂದೇ ಆಗಿ ಉಳಿದರೆ ಅದು ಸ್ಥಾನಪಲ್ಲಟ. ತಪ್ಪು ಫ್ರೇಮಿನಿಂದ ಫ್ರೇಮಿಗೆ ಬದಲಾದರೆ ನಡುಕ. ಸೆಕೆಂಡಿಗೆ 60 ಬಾರಿ ಚಿತ್ರ ಬಿಡಿಸುವ ಎಂಜಿನ್ ಆ 60 ಬಾರಿಯೂ ಸ್ಥಾನಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, 60 ಬಾರಿಯೂ ಗೆರೆಗೆ ತಳ್ಳುತ್ತದೆ.

ಪಾತ್ರದ ಕೈಯೊಂದು ಸಾವಿರಾರು ಚಿಕ್ಕ ತ್ರಿಕೋನಗಳಿಂದ ಆಗಿರುತ್ತದೆ. ಪಾತ್ರ ಸುಮ್ಮನೆ ನಿಂತು ಉಸಿರಾಡುತ್ತಿದ್ದರೂ ಆ ತ್ರಿಕೋನಗಳ ಮೂಲೆಗಳು ಕೂದಲೆಳೆಯಷ್ಟು ಸರಿಯುತ್ತಿರುತ್ತವೆ. ಪ್ರತಿ ಮೂಲೆಯನ್ನೂ ಬೇರೆಬೇರೆಯಾಗಿ 7.8 ಮಿಲಿಮೀಟರಿನ ಗೆರೆಗೆ ತಳ್ಳಿದಾಗ ಒಂದು ಮೂಲೆ ಮುಂದಿನ ಗೆರೆಗೆ ನೆಗೆಯುತ್ತದೆ, ಪಕ್ಕದ್ದು ಹಿಂದೆಯೇ ಉಳಿಯುತ್ತದೆ, ಮರುಕ್ಷಣ ಅದಲುಬದಲು. ಬೆರಳಿನ ದಪ್ಪವೇ ಒಂದೂವರೆ ಸೆಂಟಿಮೀಟರ್ ಆಗಿರುವಾಗ ಇಂಥ ನೆಗೆತ ಬೆರಳನ್ನು ಮುದ್ದೆ ಮಾಡಿಬಿಡುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದದ್ದು. ಏನೂ ಚಲಿಸದೆ ಬರೀ ಕ್ಯಾಮೆರಾ ತಿರುಗಿದರೂ ವಸ್ತುಗಳು ಏಕೆ ನಡುಗುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ. ತೆರೆಯ ಮೇಲೆ ಬೇಕಿರುವುದು ಮೂಲಬಿಂದುವಿನಿಂದ ಇರುವ ದೂರವಲ್ಲ, ಕ್ಯಾಮೆರಾದಿಂದ ಇರುವ ದೂರ. ಕ್ಯಾಮೆರಾ 1,00,000 ಮೀಟರಿನಲ್ಲಿ, ಲಾಂದ್ರ 1,00,003 ಮೀಟರಿನಲ್ಲಿ ಇದ್ದರೆ ಉತ್ತರ ಬರೀ 3. ಮೊದಲೇ ಕಳೆದುಬಿಟ್ಟಿದ್ದರೆ ಕೆಲಸ ಮುಗಿದಿತ್ತು. ಆದರೆ ಸಾಂಪ್ರದಾಯಿಕ ವಿಧಾನದಲ್ಲಿ ಎರಡೂ ದೊಡ್ಡ ಸಂಖ್ಯೆಗಳನ್ನು ಮೊದಲು ಕ್ಯಾಮೆರಾ ತಿರುಗಿದ ಕೋನಕ್ಕೆ ತಕ್ಕಂತೆ ಗುಣಿಸಿ, ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಲಾಗುತ್ತದೆ. ಕ್ಯಾಮೆರಾ 30 ಡಿಗ್ರಿ ತಿರುಗಿದ್ದರೆ 86,605.138 ಮತ್ತು 86,602.540 ಎಂಬ ಎರಡು ಗುಣಲಬ್ಧಗಳು. ಎರಡನ್ನೂ 7.8 ಮಿಲಿಮೀಟರಿನ ಗೆರೆಗೆ ತಳ್ಳಿದ ಮೇಲೆ ಕಳೆದಾಗ ದೊಡ್ಡ ಭಾಗಗಳು ಪರಸ್ಪರ ಅಳಿದುಹೋಗಿ ತಪ್ಪುಗಳು ಮಾತ್ರ ಹಾಗೇ ಉಳಿಯುತ್ತವೆ. ಮುಂದಿನ ಫ್ರೇಮಿನಲ್ಲಿ ಕೋನ 30.1 ಡಿಗ್ರಿ. ಗುಣಲಬ್ಧಗಳು ಬೇರೆ, ತಪ್ಪುಗಳೂ ಬೇರೆ. ಹೀಗೆ ನೋಟ ತಿರುಗಿದಂತೆಲ್ಲ ಲಾಂದ್ರ ಅತ್ತಿತ್ತ ಹಾರುತ್ತದೆ.

7.8 ಮಿಲಿಮೀಟರ್ ಕಣ್ಣಿಗೆ ಎಷ್ಟು ದೊಡ್ಡದು ಎಂಬುದನ್ನೂ ಲೆಕ್ಕ ಹಾಕಬಹುದು. 1,080 ಪಿಕ್ಸೆಲ್ ಎತ್ತರದ ತೆರೆ, ಮೇಲಿನಿಂದ ಕೆಳಗೆ 60 ಡಿಗ್ರಿ ನೋಟವಿರುವ ಕ್ಯಾಮೆರಾ ಎಂದಿಟ್ಟುಕೊಂಡರೆ, 3 ಮೀಟರ್ ದೂರದ ಲಾಂದ್ರ ಒಂದು ಗೆರೆ ಜಿಗಿದಾಗ ತೆರೆಯ ಮೇಲೆ ಸುಮಾರು ಎರಡೂವರೆ ಪಿಕ್ಸೆಲ್ ಜಿಗಿಯುತ್ತದೆ. ಅರ್ಧ ಮೀಟರ್ ದೂರದಲ್ಲಿ, ಅಂದರೆ ಆಟಗಾರನ ಸ್ವಂತ ಕೈಯಲ್ಲಿ, ಅದೇ ಜಿಗಿತ ಹದಿನಾಲ್ಕು ಪಿಕ್ಸೆಲ್‌ಗಿಂತ ಹೆಚ್ಚು. ಒಂದು ಕಿಲೋಮೀಟರ್ ಆಚೆಯ ಬೆಟ್ಟದಲ್ಲಿ ಪಿಕ್ಸೆಲಿನ ನೂರನೇ ಒಂದು ಭಾಗವೂ ಇಲ್ಲ. ಬೆಟ್ಟ ಗಟ್ಟಿಯಾಗಿ ನಿಂತು ಕೈ ಮಾತ್ರ ನಡುಗುವುದು ಈ ದೋಷದ ಮುಖ್ಯ ಗುರುತು.

ನಡುಕಕ್ಕಿಂತ ಹೆಚ್ಚು ಕಳವಳಕಾರಿಯಾದದ್ದು ಚಲನೆಯೇ ಕೆಡುವುದು. ಸೆಕೆಂಡಿಗೆ 60 ಫ್ರೇಮಿನ ಆಟದಲ್ಲಿ ಒಂದು ಬಸವನಹುಳು ಸೆಕೆಂಡಿಗೆ 20 ಸೆಂಟಿಮೀಟರ್ ಸರಿಯಬೇಕು ಎಂದು ಬರೆದಿದೆ ಎನ್ನೋಣ. ಹುಳುವಿಗೆ ಇದು ವಿಪರೀತ ವೇಗ, ಆದರೂ ಲೆಕ್ಕಕ್ಕೆ ಸಾಕು. ಪ್ರತಿ ಫ್ರೇಮಿಗೆ 3.3 ಮಿಲಿಮೀಟರ್ ಕೂಡಿಸಬೇಕು. ಮೂಲದಿಂದ ನೂರು ಕಿಲೋಮೀಟರಿನಲ್ಲಿ ಅದು ಅರ್ಧ ಗೆರೆಗಿಂತ ಕಡಿಮೆ. ಕೂಡಿಸಿದ ಉತ್ತರ ಮತ್ತೆ ಹಳೆಯ ಗೆರೆಗೇ ವಾಪಸಾಗುತ್ತದೆ. ಎಷ್ಟು ಸಲ ಕೂಡಿಸಿದರೂ ಹೀಗೇ:

```
float x = 100000.0f;
for (int i = 0; i < 1000000; i++)
    x = x + 0.0033f;
// x == 100000.0f
```

ಹತ್ತು ಲಕ್ಷ ಬಾರಿ ಕೂಡಿಸಿದ ಮೇಲೂ ಹುಳು ಇದ್ದಲ್ಲೇ ಇದೆ. ಅದೇ ಹುಳುವಿನ ವೇಗ ಸೆಕೆಂಡಿಗೆ 30 ಸೆಂಟಿಮೀಟರ್ ಆಗಿದ್ದರೆ ಪ್ರತಿ ಫ್ರೇಮಿನ 5 ಮಿಲಿಮೀಟರ್ ಅರ್ಧ ಗೆರೆಯನ್ನು ದಾಟುತ್ತದೆ, ಹಾಗಾಗಿ ಇಡೀ ಒಂದು ಗೆರೆ ಮುಂದೆ ತಳ್ಳಲ್ಪಡುತ್ತದೆ. ಆಗ ಅದು ಸೆಕೆಂಡಿಗೆ 47 ಸೆಂಟಿಮೀಟರ್ ಓಡುತ್ತದೆ. ಮನುಷ್ಯನ ನಡಿಗೆಯಲ್ಲೂ ಇದೇ ಕಥೆ. ಸೆಕೆಂಡಿಗೆ 1.4 ಮೀಟರ್ ನಡೆಯುವ ಪಾತ್ರ 60 ಫ್ರೇಮಿನ ಯಂತ್ರದಲ್ಲಿ ಪ್ರತಿ ಬಾರಿ ಮೂರು ಗೆರೆ ಸರಿದು ಬಹುತೇಕ ಸರಿಯಾದ ವೇಗದಲ್ಲಿಯೇ ಸಾಗುತ್ತದೆ. ಅದೇ ಪಾತ್ರ 144 ಫ್ರೇಮಿನ ದುಬಾರಿ ಯಂತ್ರದಲ್ಲಿ ಪ್ರತಿ ಬಾರಿ ಒಂದೇ ಗೆರೆ ಸರಿದು ಸೆಕೆಂಡಿಗೆ 1.125 ಮೀಟರಿಗೆ ಇಳಿಯುತ್ತದೆ. ಒಳ್ಳೆಯ ಯಂತ್ರ ಕೊಂಡವರು ನಿಧಾನ ನಡೆಯಬೇಕಾದ ಈ ಸ್ಥಿತಿ ಪರೀಕ್ಷಕರನ್ನು ಎಷ್ಟು ಗೊಂದಲಕ್ಕೆ ದೂಡೀತು ಎಂಬುದನ್ನು ಊಹಿಸಬಹುದು: ದೋಷ ಒಬ್ಬರ ಮೇಜಿನ ಮೇಲೆ ಕಾಣುತ್ತದೆ, ಪಕ್ಕದವರ ಮೇಜಿನ ಮೇಲೆ ಕಾಣುವುದಿಲ್ಲ.

ಇನ್ನು ಪೆಟ್ಟಿಗೆಗಳು ಬೀಳುವ ವಿಷಯ. ಎರಡು ಘನ ವಸ್ತುಗಳು ಒಂದಕ್ಕೊಂದು ತಾಗಿವೆಯೇ, ಒಳಹೊಕ್ಕಿವೆಯೇ ಎಂದು ಭೌತ ಲೆಕ್ಕಾಚಾರದ ಭಾಗ ಪರೀಕ್ಷಿಸುತ್ತಿರುತ್ತದೆ. ಅದು ನೋಡುವುದು ಕೆಲವು ಮಿಲಿಮೀಟರುಗಳಿಂದ ಒಂದು ಸೆಂಟಿಮೀಟರಿನ ಒಳಗಿನ ಅಂತರಗಳನ್ನು. ಗೆರೆಗಳ ಅಂತರವೂ ಅಷ್ಟೇ ಆದಾಗ ಸುಮ್ಮನೆ ಕುಳಿತ ಪೆಟ್ಟಿಗೆ ಒಂದು ಕ್ಷಣ ಕೆಳಗಿನದರೊಳಗೆ ಹೊಕ್ಕಂತೆಯೂ ಮರುಕ್ಷಣ ಗಾಳಿಯಲ್ಲಿ ಇದ್ದಂತೆಯೂ ತೋರುತ್ತದೆ. ಹೊಕ್ಕಿದ್ದನ್ನು ಹೊರದೂಡಲು ಎಂಜಿನ್ ಬಲ ಹಾಕುತ್ತದೆ, ಪೆಟ್ಟಿಗೆ ಪುಟಿಯುತ್ತದೆ, ಮತ್ತೆ ಬೀಳುತ್ತದೆ. ಹೀಗೆ ಶೂನ್ಯದಿಂದ ಶಕ್ತಿ ಹುಟ್ಟಿಕೊಳ್ಳುತ್ತದೆ.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ 2011ರಲ್ಲಿ ಸಾರ್ವಜನಿಕರಿಗೆ ಮೊದಲು ಸಿಕ್ಕ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟ. ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆಯ ಈ ಆಟದಲ್ಲಿ ಆಟಗಾರರು ತೊಟ್ಟಿ, ಎಂಜಿನ್, ರೆಕ್ಕೆಗಳನ್ನು ಜೋಡಿಸಿ ರಾಕೆಟ್ ಕಟ್ಟಿ, ಕರ್ಬಿನ್ ಎಂಬ ಕಲ್ಪಿತ ಗ್ರಹದಿಂದ ಹಾರಿಸುತ್ತಾರೆ. ರಾಕೆಟ್ ಎಂದರೆ ಕೀಲುಗಳಿಂದ ಬೆಸೆದ ಹತ್ತಾರು ಬಿಡಿ ವಸ್ತುಗಳು. ಆರಂಭದ ಆವೃತ್ತಿಗಳಲ್ಲಿ ನೆಟ್ಟಗೆ ಸಾಗುತ್ತಿದ್ದ ನೌಕೆ ದೂರದ ಬಾಹ್ಯಾಕಾಶದಲ್ಲಿ ಇದ್ದಕ್ಕಿದ್ದಂತೆ ನಡುಗಿ ಚೂರುಚೂರಾಗುತ್ತಿತ್ತು. ನಾವಿಕರ ಕಥೆಗಳಲ್ಲಿ ಹಡಗುಗಳನ್ನು ಮುಳುಗಿಸುವ ರಾಕ್ಷಸ ಜೀವಿಯೊಂದಿದೆ. ಆಟಗಾರರು ಈ ದೋಷಕ್ಕೆ ಅದರ ಹೆಸರನ್ನೇ ಇಟ್ಟು ಕ್ರಾಕನ್ ಎಂದು ಕರೆದರು.

ಕ್ರಾಕನ್ ಬರುವ ಬಗೆ ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಕರ್ಬಿನ್‌ನ ಚಂದ್ರ, ಅಂದರೆ ಮುನ್, ಗ್ರಹದ ಕೇಂದ್ರದಿಂದ 12,000 ಕಿಲೋಮೀಟರ್ ದೂರದಲ್ಲಿದೆ. ಮೂಲಬಿಂದು ಗ್ರಹದಲ್ಲೇ ಉಳಿದಿದ್ದರೆ ಅಲ್ಲಿ ಗೆರೆಗಳ ನಡುವೆ ಒಂದು ಮೀಟರ್ ಅಂತರ. ತೊಟ್ಟಿಗೂ ಎಂಜಿನ್‌ಗೂ ನಡುವಿನ ಕೀಲು ಒಂದು ಹೆಜ್ಜೆಯಲ್ಲಿ ಹಿಗ್ಗಿದಂತೆ, ಮುಂದಿನ ಹೆಜ್ಜೆಯಲ್ಲಿ ಕುಗ್ಗಿದಂತೆ ಕಾಣುತ್ತದೆ. ಕೀಲು ಅದನ್ನು ಸರಿಪಡಿಸಲು ಎಳೆಯುತ್ತದೆ, ಎಳೆತ ಮಿತಿ ಮೀರಿ ಮುರಿಯುತ್ತದೆ. ವೇಗವೂ ಇದಕ್ಕೆ ಸೇರಿಕೊಳ್ಳುತ್ತದೆ. ಕರ್ಬಿನ್‌ನ ಕೆಳಕಕ್ಷೆಯಲ್ಲಿ ನೌಕೆ ಸೆಕೆಂಡಿಗೆ ಸುಮಾರು 2,200 ಮೀಟರ್ ಓಡುತ್ತಿರುತ್ತದೆ. ಸೆಕೆಂಡಿಗೆ 50 ಹೆಜ್ಜೆಯ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೆ 44 ಮೀಟರ್. ಅಷ್ಟು ದೊಡ್ಡ ಸಂಖ್ಯೆಯೊಳಗೆ ಕೀಲಿನ ಸೂಕ್ಷ್ಮ ಚಲನೆ ಹುಡುಕಬೇಕು.

ಸ್ಕ್ವಾಡ್ ತಂಡ ತಂದ ಪರಿಹಾರಕ್ಕೆ ಕ್ರಾಕನ್ಸ್‌ಬೇನ್ ಎಂಬ ಹೆಸರು. ನೌಕೆ ಲೋಕದಲ್ಲಿ ಚಲಿಸುವ ಬದಲು ನೌಕೆಯನ್ನು ಮೂಲಬಿಂದುವಿನ ಬಳಿಯೇ ಇಟ್ಟು, ಗ್ರಹ, ಚಂದ್ರ, ಉಳಿದದ್ದೆಲ್ಲವನ್ನೂ ಹಿಂದಕ್ಕೆ ಸರಿಸುವುದು ಅದರ ತಿರುಳು. ಸ್ಥಾನವನ್ನಷ್ಟೇ ಅಲ್ಲ, ವೇಗವನ್ನೂ ಹಾಗೇ ಕಳೆಯಲಾಗುತ್ತದೆ. ಭೌತ ಲೆಕ್ಕಕ್ಕೆ ಕಾಣುವ ನೌಕೆ ಬಹುಮಟ್ಟಿಗೆ ನಿಂತೇ ಇರುತ್ತದೆ. ಬ್ರಹ್ಮಾಂಡ ಅದರ ಸುತ್ತ ಹರಿಯುತ್ತದೆ. ಚಲನೆ ಸಾಪೇಕ್ಷವಾದ್ದರಿಂದ ತೆರೆಯ ಮೇಲೆ ಯಾವ ವ್ಯತ್ಯಾಸವೂ ಇಲ್ಲ. ಇಷ್ಟು ಸರಳವಾದ ವಿಚಾರ ಇಷ್ಟು ದೊಡ್ಡ ರಾಕ್ಷಸನನ್ನು ಹಿಡಿದು ಕಟ್ಟಿಹಾಕಿದ್ದು ಮೆಚ್ಚಬೇಕಾದ ಸಂಗತಿ. ಈ ಬಗೆಯ ಉಪಾಯಕ್ಕೆ ತೇಲುವ ಮೂಲ ಎಂಬ ಹೆಸರಿದ್ದು, ನೆಲದ ಮೇಲಿನ ಆಟಗಳಲ್ಲೂ ಬಳಕೆಯಲ್ಲಿದೆ. ಅಲ್ಲಿ ಪ್ರತಿ ಫ್ರೇಮಿನಲ್ಲೂ ಸರಿಸುವ ಅಗತ್ಯವಿಲ್ಲ. ಆಟಗಾರ ಮೂಲದಿಂದ ಕೆಲವು ಕಿಲೋಮೀಟರ್ ದಾಟಿದಾಗ ಒಮ್ಮೆ ಸರಿಸಿದರೆ ಸಾಕು:

```
if (length(player.pos) > 4096) {
    shift = round(player.pos / 1024) * 1024;
    for (obj in world) obj.pos -= shift;
}
```

1024ರ ಗುಣಕದಲ್ಲೇ ಸರಿಸುವುದಕ್ಕೆ ಕಾರಣವಿದೆ. ಅದು ಎರಡರ ಘಾತವಾದ್ದರಿಂದ ಆಟಗಾರನ ಸುತ್ತಲಿನ ವಸ್ತುಗಳು ಕಳೆಯುವಾಗ ಗೆರೆಯಿಂದ ಗೆರೆಗೇ ಬೀಳುತ್ತವೆ, ಹೊಸ ತಪ್ಪು ಸೇರುವುದಿಲ್ಲ. ಹಿಂದೆ ಉಳಿದವುಗಳ ಪಾಡು ಬೇರೆ. ಹಳೆಯ ಮೂಲದ ಪಕ್ಕದಲ್ಲಿದ್ದ ಮರ ಈಗ ದೂರದ್ದಾಯಿತು, ಒರಟು ಗೆರೆಗೆ ತಳ್ಳಲ್ಪಟ್ಟಿತು. ಆಟಗಾರ ಹಿಂತಿರುಗಿದಾಗ ಗೆರೆ ಮತ್ತೆ ನವಿರಾಗುತ್ತದೆ, ಆದರೆ ಕಳೆದುಹೋದ ಅಂಕಿಗಳು ಮರಳಿ ಬರುವುದಿಲ್ಲ. ಆದ್ದರಿಂದ ನಿಜವಾದ ವಿಳಾಸವನ್ನು ಪೂರ್ಣಾಂಕಗಳಲ್ಲೋ ದೊಡ್ಡ ಸಂಖ್ಯೆಯಲ್ಲೋ ಬೇರೆ ಇಟ್ಟುಕೊಂಡು, ಪ್ರತಿ ಬಾರಿ ಅದರಿಂದಲೇ ಹೊಸ ಸ್ಥಾನ ತೆಗೆಯುವುದು ಕ್ಷೇಮ. ಸರಿಸುವಾಗ ಏನನ್ನಾದರೂ ಮರೆತರೆ ಅದೂ ಕೂಡಲೇ ಕಾಣುತ್ತದೆ. ಗಾಳಿಯಲ್ಲಿ ತೇಲುತ್ತಿದ್ದ ಹೊಗೆ ಹಳೆಯ ಜಾಗದಲ್ಲೇ ಉಳಿಯುತ್ತದೆ. ಹಿಂದಿನ ಫ್ರೇಮಿನ ಸ್ಥಾನದಿಂದ ವೇಗ ಲೆಕ್ಕ ಹಾಕುವ ಕೋಡ್, ವಸ್ತು ಕ್ಷಣದಲ್ಲಿ ನಾಲ್ಕು ಕಿಲೋಮೀಟರ್ ಹಾರಿತೆಂದು ತಿಳಿಯುತ್ತದೆ. ಹಲವರು ಕೂಡಿ ಆಡುವ ಆಟಗಳಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಇಬ್ಬರು ಆಟಗಾರರು ಲೋಕದ ಎರಡು ತುದಿಗಳಲ್ಲಿದ್ದರೆ ಸರ್ವರಿನಲ್ಲಿ ಒಂದೇ ಮೂಲಬಿಂದು ಇಬ್ಬರ ಬಳಿಯೂ ಇರಲಾರದು.

ಒಂದೇ ಮೂಲ ಏಕಿರಬೇಕು ಎಂಬ ಪ್ರಶ್ನೆಯನ್ನೇ ಎತ್ತಿದವರೂ ಇದ್ದಾರೆ. 2002ರಲ್ಲಿ ಬಂದ ಡಂಜನ್ ಸೀಜ್ ಆಟದ ಲೋಕ ಒಂದಕ್ಕೊಂದು ಬಾಗಿಲಿನಂತೆ ಜೋಡಿಸಿದ ತುಂಡುಗಳಿಂದ ಆಗಿತ್ತು. ಪ್ರತಿ ತುಂಡಿಗೂ ಅದರದೇ ಮೂಲಬಿಂದು. ವಸ್ತುವಿನ ವಿಳಾಸವೆಂದರೆ ಯಾವ ತುಂಡು, ಅದರೊಳಗೆ ಎಲ್ಲಿ ಎಂಬುದು ಮಾತ್ರ. ಇಡೀ ಲೋಕಕ್ಕೆ ಅನ್ವಯಿಸುವ ನಿರ್ದೇಶಾಂಕವೇ ಇರಲಿಲ್ಲ.

ನಡುಕ ಕಂಡಾಗಲೆಲ್ಲ ಫ್ಲೋಟನ್ನೇ ದೂರುವುದೂ ಸರಿಯಲ್ಲ. ಎರಡು ಮೇಲ್ಮೈಗಳು ಒಂದರೊಳಗೊಂದು ಮಿಣುಕುತ್ತಿದ್ದರೆ ಅದು ಯಾವುದು ಮುಂದೆ ಎಂದು ಅಳೆಯುವ ಆಳದ ಲೆಕ್ಕದ ತೊಂದರೆ. ಅದು ದೂರದ ವಸ್ತುಗಳಲ್ಲಿ ಹೆಚ್ಚು, ಹತ್ತಿರದವುಗಳಲ್ಲಿ ಕಡಿಮೆ, ಅಂದರೆ ಇಲ್ಲಿನ ಲಕ್ಷಣಕ್ಕೆ ತದ್ವಿರುದ್ಧ. ಮೈನ್‌ಕ್ರಾಫ್ಟ್‌ನ ಹಳೆಯ ಆವೃತ್ತಿಗಳಲ್ಲಿ ಮೂಲದಿಂದ 1,25,50,821 ಬ್ಲಾಕ್ ದೂರದಲ್ಲಿ ನೆಲವೇ ವಿಕಾರಗೊಂಡು ಗೋಡೆಯಂತೆ ಏಳುತ್ತಿದ್ದ ಫಾರ್ ಲ್ಯಾಂಡ್ಸ್ ಅನ್ನೂ ಹಲವರು ಈ ದೋಷದ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ನೆಲವನ್ನು ರಚಿಸುವ ಸೂತ್ರದಲ್ಲಿ ಪೂರ್ಣಾಂಕವೊಂದು ತನ್ನ ಗರಿಷ್ಠ ಮಿತಿ ದಾಟಿದ್ದರಿಂದ ಆದದ್ದು, ಕಾರಣ ಬೇರೆ. ಖಚಿತ ಪರೀಕ್ಷೆಯೆಂದರೆ ಅದೇ ದೃಶ್ಯವನ್ನು ಮೂಲದ ಬಳಿ ಒಮ್ಮೆ, 65,000 ಮೀಟರಿನಲ್ಲಿ ಒಮ್ಮೆ, 66,000 ಮೀಟರಿನಲ್ಲಿ ಒಮ್ಮೆ ಇಟ್ಟು ನೋಡುವುದು. ಮೊದಲಲ್ಲಿ ನಡುಕವಿಲ್ಲದೆ, ಕೊನೆಯ ಎರಡರ ನಡುವೆ ನಡುಕ ಒಮ್ಮೆಲೇ ಇಮ್ಮಡಿಯಾದರೆ ಅನುಮಾನಕ್ಕೆ ಎಡೆಯಿಲ್ಲ.

64 ಬಿಟ್‌ಗಳ ಸಂಖ್ಯೆ ಬಳಸಿದರೆ ಇದೆಲ್ಲ ಮುಗಿಯುವುದಿಲ್ಲವೇ? ಡಬಲ್ ಎಂದು ಕರೆಯುವ ಆ ರೂಪದಲ್ಲಿ 53 ಅಂಕಿಗಳಿವೆ. ಮೂಲಬಿಂದುವನ್ನು ಸೂರ್ಯನಲ್ಲಿ ಇಟ್ಟರೂ ಭೂಮಿಯ ಬಳಿ ಗೆರೆಗಳ ಅಂತರ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಮಾತ್ರ. 2022ರ ಅನ್‌ರಿಯಲ್ ಎಂಜಿನ್ 5 ಸ್ಥಾನಗಳನ್ನು ಹೀಗೆಯೇ ಇಡುತ್ತದೆ. ಅದರ ಹಿಂದಿನ ಆವೃತ್ತಿಯಲ್ಲಿ ಲೋಕದ ಅಗಲ ಸುಮಾರು 21 ಕಿಲೋಮೀಟರಿಗೆ ಸೀಮಿತವಾಗಿತ್ತು. ಆದರೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲಿ ಕೈಕೊಡುತ್ತದೆ. ಸಾಮಾನ್ಯ ಬಳಕೆಯ ಎನ್‌ವಿಡಿಯಾ ಕಾರ್ಡುಗಳಲ್ಲಿ ಡಬಲ್ ಲೆಕ್ಕ ಫ್ಲೋಟಿಗಿಂತ 32 ಪಟ್ಟು, ಕೆಲವದರಲ್ಲಿ 64 ಪಟ್ಟು ನಿಧಾನ. ಹಾಗಾಗಿ ಸ್ಥಾನವನ್ನು ಡಬಲ್‌ನಲ್ಲಿಟ್ಟು, ಕ್ಯಾಮೆರಾದ ಸ್ಥಾನವನ್ನು ಡಬಲ್‌ನಲ್ಲೇ ಮೊದಲು ಕಳೆದು, ಉಳಿದ ಚಿಕ್ಕ ಸಂಖ್ಯೆಯನ್ನು ಫ್ಲೋಟ್ ಮಾಡಿ ಕಾರ್ಡಿಗೆ ಕಳಿಸುತ್ತಾರೆ. ಲಾಂದ್ರದ ಉದಾಹರಣೆಯಲ್ಲಿ ಕಾರ್ಡಿಗೆ ತಲುಪುವುದು ಬರೀ 3.

ಲಕ್ಷಾಂತರ ಬಿಂದುಗಳು ಮೊದಲೇ ಕಾರ್ಡಿನ ಸ್ಮೃತಿಯಲ್ಲಿ ಕುಳಿತಿದ್ದರೆ ಪ್ರತಿ ಫ್ರೇಮಿಗೂ ಅವನ್ನೆಲ್ಲ ಹೊರಗೆ ಕಳೆದು ಮತ್ತೆ ಕಳಿಸುವುದು ದುಬಾರಿ. ಇಡೀ ಭೂಮಿಯನ್ನು ತೋರಿಸುವ ಸೀಸಿಯಂನಂಥ ತಂತ್ರಾಂಶಗಳು ಎದುರಿಸುವ ಸಮಸ್ಯೆ ಇದು. ಅವುಗಳ ಮೂಲಬಿಂದು ಭೂಮಿಯ ಕೇಂದ್ರ. ಬೆಂಗಳೂರನ್ನೇ ತೆಗೆದುಕೊಂಡರೆ, ಅದರ ಮೂರು ನಿರ್ದೇಶಾಂಕಗಳಲ್ಲಿ ಒಂದು ಸುಮಾರು 60,70,000 ಮೀಟರ್. ಆ ದೂರದಲ್ಲಿ ಫ್ಲೋಟಿನ ಗೆರೆಗಳ ನಡುವೆ ಅರ್ಧ ಮೀಟರ್, ಅಂದರೆ ಕಿಟಕಿಯೊಂದರ ಅಗಲ. ಇದಕ್ಕೆ ಒಂದು ಸಂಖ್ಯೆಯನ್ನು ಎರಡು ಫ್ಲೋಟ್‌ಗಳಾಗಿ ಒಡೆದಿಡುತ್ತಾರೆ. ಕಟ್ಟಡದ ಒಂದು ಮೂಲೆ 60,70,123.37 ಮೀಟರಿನಲ್ಲಿದ್ದರೆ ದೊಡ್ಡ ಭಾಗ 60,70,123.5, ಚಿಕ್ಕ ಭಾಗ ಋಣ 0.13. ಕ್ಯಾಮೆರಾ 60,70,098.81ರಲ್ಲಿದ್ದರೆ ಅದರ ದೊಡ್ಡ ಭಾಗ 60,70,099, ಚಿಕ್ಕದು ಋಣ 0.19. ದೊಡ್ಡದರಿಂದ ದೊಡ್ಡದನ್ನು ಕಳೆದರೆ 24.5, ಚಿಕ್ಕದರಿಂದ ಚಿಕ್ಕದನ್ನು ಕಳೆದರೆ 0.06. ಎರಡನ್ನೂ ಕೂಡಿಸಿದಾಗ 24.56 ಮೀಟರ್ ಸಿಗುತ್ತದೆ, ನಿಜವಾದ ದೂರವೂ ಅಷ್ಟೇ. ಒಂದೇ ಫ್ಲೋಟ್ ಬಳಸಿದ್ದರೆ ಆ ಮೂಲೆ ಆರು ಸೆಂಟಿಮೀಟರ್ ಹತ್ತಿರ ಬಂದಿರುತ್ತಿತ್ತು, ಕ್ಯಾಮೆರಾ ತುಸು ಸರಿದೊಡನೆ ಅರ್ಧ ಮೀಟರ್ ಆಚೆಗೆ ನೆಗೆಯುತ್ತಿತ್ತು.